24 ವೋಲ್ಟ್‌ನಿಂದ 5 ವೋಲ್ಟ್ ತೆಗೆಯುವಾಗ 7805 ಯಾಕೆ ಕಾಯುತ್ತದೆ?

ಪ್ರಶ್ನೆ: ಸರ್, 24 ವೋಲ್ಟ್ ಡಿಸಿ ಅಡಾಪ್ಟರ್‌ನಿಂದ 7805 ರೆಗ್ಯುಲೇಟರ್ ಐಸಿ ಹಾಕಿ 5 ವೋಲ್ಟ್ ಮಾಡಿಕೊಂಡಿದ್ದೇನೆ. ಅದರಲ್ಲಿ ವೈ-ಫೈ ಇರುವ ಮೈಕ್ರೋಕಂಟ್ರೋಲರ್ ಬೋರ್ಡ್, ಎರಡು 5 ವೋಲ್ಟ್ ರಿಲೇ ಓಡುತ್ತವೆ. ಎರಡೂ ರಿಲೇ ಆನ್ ಆದಾಗ ಮೀಟರ್‌ನಲ್ಲಿ 250 ಮಿಲಿಆಂಪಿಯರ್ ಬರುತ್ತದೆ. ಒಂದು ನಿಮಿಷ ಚೆನ್ನಾಗಿ ಓಡಿ ಬೋರ್ಡ್ ರೀಸೆಟ್ ಆಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ತಾನೇ ಶುರುವಾಗುತ್ತದೆ. ಐಸಿ ಮುಟ್ಟಲಿಕ್ಕೆ ಆಗುವುದಿಲ್ಲ. ಬೇರೆ ಐಸಿ ಹಾಕಿದೆ, ಅದೇ ಕಥೆ. ಇದು 1 ಆಂಪಿಯರ್‌ನ ಐಸಿ, ಇನ್‌ಪುಟ್ 35 ವೋಲ್ಟ್‌ವರೆಗೂ ಕೊಡಬಹುದು ಅಂತ ಡೇಟಾಶೀಟ್ ಹೇಳುತ್ತದೆ. ಡ್ರಾಪ್‌ಔಟ್ 2 ವೋಲ್ಟ್ ಅಂದರೆ 2 ವೋಲ್ಟ್ ಮಾತ್ರ ಒಳಗೆ ಉರಿಯಬೇಕಲ್ಲವೇ? ಡ್ರಾಪ್‌ಔಟ್ ಕಡಿಮೆ ಇರುವ ಐಸಿ ಹಾಕಿದರೆ ಸರಿಹೋಗುತ್ತದಾ?

ಉತ್ತರ: ಐಸಿ ಕೆಟ್ಟಿಲ್ಲ. ಒಳಗಿನ ಚಿಪ್ ತುಂಬ ಬಿಸಿಯಾದಾಗ ತನ್ನನ್ನು ತಾನೇ ಆಫ್ ಮಾಡಿಕೊಳ್ಳುವ ರಕ್ಷಣೆ 7805ರಲ್ಲಿದೆ. ನೀವು ನೋಡುತ್ತಿರುವುದು ಅದನ್ನೇ. ಕಾದು ನಿಲ್ಲುತ್ತದೆ, ಆರಿ ಶುರುವಾಗುತ್ತದೆ, ಮತ್ತೆ ಕಾಯುತ್ತದೆ. ಡ್ರಾಪ್‌ಔಟ್ ಕಡಿಮೆ ಇರುವ ಐಸಿ ಹಾಕಿದರೂ ಅದು ಇಷ್ಟೇ ಕಾಯುತ್ತದೆ. ಯಾಕೆ ಅನ್ನುವುದನ್ನು ಮೊದಲು ನೋಡೋಣ, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಡ್ರಾಪ್‌ಔಟ್ ಅನ್ನುವುದು ರೆಗ್ಯುಲೇಟರ್ ಒಳಗೆ ಬೀಳುವ ವೋಲ್ಟೇಜ್ ಅಲ್ಲ, ಬೀಳಲೇಬೇಕಾದ ಕನಿಷ್ಠ ವೋಲ್ಟೇಜ್. 7805ರ ಒಳಗೆ ಲೋಡ್ ಕರೆಂಟನ್ನು ಹೊರುವುದು ಒಂದರ ಬೆನ್ನಿಗೆ ಇನ್ನೊಂದು ಜೋಡಿಸಿದ ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳು. ಆ ಎರಡರ ಬೇಸ್-ಎಮಿಟರ್ ವೋಲ್ಟೇಜ್, ಅವುಗಳ ಬೇಸ್‌ಗೆ ಕರೆಂಟ್ ಉಣಿಸುವ ಭಾಗಕ್ಕೆ ಬೇಕಾದ ಇನ್ನಷ್ಟು, ಎಲ್ಲ ಸೇರಿ 1 ಆಂಪಿಯರ್‌ನಲ್ಲಿ ಸುಮಾರು 2 ವೋಲ್ಟ್ ಆಗುತ್ತದೆ. ಹಾಗಾಗಿ 5 ವೋಲ್ಟ್ ಹೊರಬರಬೇಕಾದರೆ ಇನ್‌ಪುಟ್ 7 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಇಳಿದರೆ ನಿಯಂತ್ರಣ ಕೈತಪ್ಪಿ, ಇನ್‌ಪುಟ್ ಇಳಿದ ಹಾಗೆ ಔಟ್‌ಪುಟ್ ಕೂಡ ಅದರ ಹಿಂದೆಯೇ ಇಳಿಯುತ್ತದೆ. 6 ವೋಲ್ಟ್ ಬ್ಯಾಟರಿಗೆ 7805 ಕಟ್ಟಿದವರಿಗೆ 4 ವೋಲ್ಟ್ ಚಿಲ್ಲರೆ ಬರುವುದು ಇದಕ್ಕೇ. ಕರೆಂಟ್ ಕಡಿಮೆಯಾದರೆ ಈ 2 ವೋಲ್ಟ್ ಕೂಡ ಸ್ವಲ್ಪ ತಗ್ಗುತ್ತದೆ, ಆದರೆ ಆ ಭರವಸೆಯ ಮೇಲೆ ಡಿಸೈನ್ ಮಾಡುವುದು ಬೇಡ. ನಾನಾದರೆ ಅರ್ಧ ವೋಲ್ಟ್ ಮೇಲಿಟ್ಟು 7.5 ವೋಲ್ಟ್ ಎಂದೇ ಹಿಡಿಯುತ್ತೇನೆ.

ಇದು ಕೆಳಗಿನ ಗೆರೆ. ಮೇಲೆ 24 ವೋಲ್ಟ್ ಕೊಟ್ಟರೆ ಏನಾಗುತ್ತದೆ? ಹೆಚ್ಚಾದ 19 ವೋಲ್ಟ್‌ಗೆ ಹೋಗಲು ಬೇರೆ ದಾರಿಯಿಲ್ಲ. ಲೀನಿಯರ್ ರೆಗ್ಯುಲೇಟರ್ ಅಂದರೆ ತನ್ನಷ್ಟಕ್ಕೆ ತಾನೇ ಹೊಂದಿಸಿಕೊಳ್ಳುವ ರೆಸಿಸ್ಟರ್ ಇದ್ದ ಹಾಗೆ. ಲೋಡ್‌ಗೆ ಹೋಗುವ ಕರೆಂಟ್ ಪೂರ್ತಿ ಅದರ ಮೂಲಕವೇ ಹಾಯುತ್ತದೆ, ಉಳಿದ ವೋಲ್ಟೇಜ್ ಪೂರ್ತಿ ಅದರ ಮೇಲೆಯೇ ಬೀಳುತ್ತದೆ. ಎರಡನ್ನೂ ಗುಣಿಸಿದರೆ ಬರುವುದು ಶಾಖ. ಜೊತೆಗೆ ಐಸಿ ತನ್ನ ಸ್ವಂತ ಖರ್ಚಿಗೆ ಗ್ರೌಂಡ್ ಕಾಲಿನ ಮೂಲಕ ಸುಮಾರು 5 ಮಿಲಿಆಂಪಿಯರ್ ಎಳೆಯುತ್ತದೆ.

```
P = (Vin - Vout) × I + Vin × Iq
P = (24 - 5) × 0.25 + 24 × 0.005
P = 4.75 + 0.12 = 4.87 W
```

ಈ ಲೆಕ್ಕದಲ್ಲಿ ಡ್ರಾಪ್‌ಔಟ್ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಿ. ಡ್ರಾಪ್‌ಔಟ್ 2 ವೋಲ್ಟ್ ಇರಲಿ, 0.5 ವೋಲ್ಟ್ ಇರಲಿ, ಇನ್‌ಪುಟ್ 24, ಔಟ್‌ಪುಟ್ 5, ಕರೆಂಟ್ 250 ಮಿಲಿಆಂಪಿಯರ್ ಇದ್ದರೆ ಶಾಖ ಅಷ್ಟೇ. ಕಡಿಮೆ ಡ್ರಾಪ್‌ಔಟ್ ಐಸಿಯ ಉಪಯೋಗ ಬೇರೆ: ಅದು ಇನ್‌ಪುಟ್ಟನ್ನು ಔಟ್‌ಪುಟ್‌ಗೆ ಹತ್ತಿರ ತರಲು ಅವಕಾಶ ಕೊಡುತ್ತದೆ. ಇನ್‌ಪುಟ್ಟನ್ನು 24ರಲ್ಲೇ ಬಿಟ್ಟರೆ ಆ ಅವಕಾಶ ಬಳಸಿಕೊಂಡ ಹಾಗಾಗಲಿಲ್ಲ. ಇನ್ನೊಂದು ಅಪಾಯವೂ ಇದೆ. ಈ ಜಾತಿಯಲ್ಲಿ ಸುಲಭಕ್ಕೆ ಸಿಗುವ ಎಎಂಎಸ್1117ರ ಇನ್‌ಪುಟ್ ಮಿತಿಯೇ 15 ವೋಲ್ಟ್. ಅದನ್ನು 24ಕ್ಕೆ ಕಟ್ಟಿದರೆ ಸುಡುತ್ತದೆ, ಸುಡುವಾಗ ಇನ್‌ಪುಟ್-ಔಟ್‌ಪುಟ್ ಒಳಗೇ ಶಾರ್ಟ್ ಆದರೆ 24 ವೋಲ್ಟ್ ನೇರವಾಗಿ ನಿಮ್ಮ ಬೋರ್ಡ್‌ಗೆ ಹೋಗುತ್ತದೆ.

ಈಗ 4.87 ವಾಟ್ ಅಂದರೆ ಎಷ್ಟು ಬಿಸಿ ಎಂದು ನೋಡೋಣ. ಟಿಓ-220 ಪ್ಯಾಕೇಜಿನ 7805ಕ್ಕೆ ಹೀಟ್‌ಸಿಂಕ್ ಇಲ್ಲದಿದ್ದರೆ, ಒಂದೊಂದು ವಾಟ್‌ಗೂ ಚಿಪ್ಪಿನ ಉಷ್ಣತೆ ಸುತ್ತಲಿನ ಗಾಳಿಗಿಂತ ಸುಮಾರು 65 ಡಿಗ್ರಿ ಏರುತ್ತದೆ. ತಯಾರಕರನ್ನು ನೋಡಿ ಈ ಅಂಕಿ 50ರಿಂದ 65ರ ನಡುವೆ ಇರುತ್ತದೆ, ಹೆಚ್ಚಿನದನ್ನೇ ಹಿಡಿಯುವುದು ಜಾಣತನ. ಹಾಗೆ ನೋಡಿದರೆ 4.87 ವಾಟ್‌ಗೆ 316 ಡಿಗ್ರಿ ಏರಬೇಕು. ಅಲ್ಲಿಯವರೆಗೆ ಹೋಗುವುದಿಲ್ಲ ಅನ್ನಿ, 150 ಡಿಗ್ರಿ ದಾಟಿದ ಮೇಲೆ ಎಲ್ಲೋ ಒಂದು ಕಡೆ ಐಸಿ ತಾನೇ ಕೈಚೆಲ್ಲುತ್ತದೆ. ಲೋಹದ ಬೆನ್ನು, ಕಾಲುಗಳು, ಬೋರ್ಡಿನ ತಾಮ್ರ ಎಲ್ಲ ಬಿಸಿಯಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ನಿಮಗೆ ಸಿಗುತ್ತಿರುವ ಆ ಒಂದು ನಿಮಿಷ ಅದೇ.

ಚಿಪ್ಪನ್ನು 125 ಡಿಗ್ರಿಯೊಳಗೆ ಇಡಬೇಕು ಎನ್ನುವುದು ಡೇಟಾಶೀಟಿನ ಮಾತು. ಡಬ್ಬಿಯೊಳಗಿನ ಗಾಳಿ 45 ಡಿಗ್ರಿ ಎಂದುಕೊಂಡರೆ ಏರಲು ಉಳಿದಿರುವುದು 80 ಡಿಗ್ರಿ. 80ನ್ನು 65ರಿಂದ ಭಾಗಿಸಿದರೆ 1.23 ವಾಟ್. 19 ವೋಲ್ಟ್ ವ್ಯತ್ಯಾಸದಲ್ಲಿ ಅದು 60 ಮಿಲಿಆಂಪಿಯರ್ ಸುತ್ತಮುತ್ತ. 24 ವೋಲ್ಟ್ ಇನ್‌ಪುಟ್‌ನಲ್ಲಿ ಹೀಟ್‌ಸಿಂಕ್ ಇಲ್ಲದ ನಿಮ್ಮ '1 ಆಂಪಿಯರ್ ಐಸಿ' ನಿಜಕ್ಕೂ 60 ಮಿಲಿಆಂಪಿಯರ್‌ನ ಐಸಿ. 1 ಆಂಪಿಯರ್, 35 ವೋಲ್ಟ್ ಎರಡೂ ಸುಳ್ಳಲ್ಲ, ಆದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಶಾಖದ ಮಾತು ಬಿಟ್ಟರೂ, ಇನ್‌ಪುಟ್-ಔಟ್‌ಪುಟ್ ಅಂತರ ಹೆಚ್ಚಿದಂತೆ ಈ ಐಸಿ ಕರೆಂಟ್ ಮಿತಿಯನ್ನು ಒಳಗೊಳಗೇ ಇಳಿಸುತ್ತ ಹೋಗುತ್ತದೆ. 35 ವೋಲ್ಟ್ ಇನ್‌ಪುಟ್ ಇಟ್ಟು ಔಟ್‌ಪುಟ್ ಶಾರ್ಟ್ ಮಾಡಿದರೆ ಹರಿಯುವುದು ಹೆಚ್ಚುಕಡಿಮೆ ಕಾಲು ಆಂಪಿಯರ್ ಮಾತ್ರ.

ನಿಮ್ಮದು ಇದೇ ತೊಂದರೆ ಎಂದು ಖಚಿತ ಮಾಡಿಕೊಳ್ಳಲು ಒಂದು ಸಣ್ಣ ಪರೀಕ್ಷೆ ಸಾಕು. ಮಲ್ಟಿಮೀಟರನ್ನು ಔಟ್‌ಪುಟ್‌ಗೆ ಹಿಡಿದು ತಣ್ಣಗಿರುವಾಗ ಆನ್ ಮಾಡಿ, ಎಷ್ಟು ಸೆಕೆಂಡಿಗೆ 5 ವೋಲ್ಟ್ ಬೀಳುತ್ತದೆ ಎಂದು ಬರೆದಿಡಿ. ಆಮೇಲೆ ಐಸಿಯ ಮೇಲೆ ಚಿಕ್ಕ ಫ್ಯಾನ್‌ನಿಂದ ಗಾಳಿ ಬಿಟ್ಟು ಮತ್ತೆ ನೋಡಿ. ಸಮಯ ಉದ್ದವಾದರೆ ಅದು ಶಾಖವೇ. ಗಾಳಿ ಬಿಟ್ಟರೂ ಬಿಡದಿದ್ದರೂ ಒಂದೇ ಥರ ರೀಸೆಟ್ ಆದರೆ ಬೇರೆ ಕಾರಣ ಹುಡುಕಬೇಕು. ಲೋಡ್ ತೆಗೆದ ಮೇಲೂ ಐಸಿ ಬಿಸಿಯಾಗುತ್ತಿದ್ದರೆ ಕೆಪ್ಯಾಸಿಟರ್‌ಗಳ ಕಡೆ ನೋಡಿ. ಇನ್‌ಪುಟ್‌ಗೆ 0.33 ಮೈಕ್ರೋಫ್ಯಾರಡ್, ಔಟ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಐಸಿಯ ಕಾಲಿಗೆ ಅಂಟಿದಂತೆ ಇರಬೇಕು. ಅಡಾಪ್ಟರ್ ವೈರ್ ಉದ್ದವಿದ್ದು ಇವು ಇಲ್ಲದಿದ್ದರೆ 7805 ಆಸಿಲೇಟ್ ಆಗಬಹುದು, ಮೀಟರ್ ಮಾತ್ರ ಸುಮ್ಮನೆ 5 ವೋಲ್ಟ್ ಆಸುಪಾಸು ತೋರಿಸುತ್ತಿರುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವ ಪರಿಹಾರ ಹೀಟ್‌ಸಿಂಕ್. ಅದರ ಲೆಕ್ಕವೂ ನೇರ. ಶಾಖ ಮೂರು ಮೆಟ್ಟಿಲು ಇಳಿಯಬೇಕು: ಚಿಪ್ಪಿನಿಂದ ಲೋಹದ ಬೆನ್ನಿಗೆ, ಬೆನ್ನಿನಿಂದ ಹೀಟ್‌ಸಿಂಕ್‌ಗೆ, ಹೀಟ್‌ಸಿಂಕ್‌ನಿಂದ ಗಾಳಿಗೆ. ಮೊದಲನೆಯದು ವಾಟ್‌ಗೆ 5 ಡಿಗ್ರಿ, ಪೇಸ್ಟ್ ಹಚ್ಚಿ ಬಿಗಿದರೆ ಎರಡನೆಯದು 1 ಡಿಗ್ರಿ ಎಂದು ಹಿಡಿಯಿರಿ. ಮೂರನೆಯದು ಹೀಟ್‌ಸಿಂಕಿನ ಗಾತ್ರವನ್ನು ಅವಲಂಬಿಸಿದ್ದು. ಐಸಿಗೆ ಸಿಕ್ಕಿಸುವ ಆ ಚಿಕ್ಕ ಯು ಆಕಾರದ ಅಲ್ಯೂಮಿನಿಯಂ ತುಂಡು ವಾಟ್‌ಗೆ ಸುಮಾರು 20 ಡಿಗ್ರಿ. ಒಟ್ಟು 26. 4.87 ವಾಟ್‌ಗೆ 127 ಡಿಗ್ರಿ ಏರಿಕೆ, 45 ಸೇರಿಸಿದರೆ 172. ಮತ್ತೆ ಆಫ್. ಒಂದು ನಿಮಿಷದ ಬದಲು ಹಲವು ನಿಮಿಷ ಓಡೀತು, ಅಷ್ಟೇ ಲಾಭ.

ಚಿಪ್ಪನ್ನು 110 ಡಿಗ್ರಿಯಲ್ಲಿ ನಿಲ್ಲಿಸಬೇಕಾದರೆ ಎಷ್ಟು ದೊಡ್ಡ ಹೀಟ್‌ಸಿಂಕ್ ಬೇಕು?

```
(110 - 45) / 4.87 = 13.3 °C/W
13.3 - 5 - 1 = 7.3 °C/W
```

ವಾಟ್‌ಗೆ 7 ಡಿಗ್ರಿಯ ಹೀಟ್‌ಸಿಂಕ್ ಅಂದರೆ ರೆಕ್ಕೆಗಳಿರುವ, ಅಂಗೈಯ ಅರ್ಧದಷ್ಟು ಜಾಗ ತಿನ್ನುವ ತುಂಡು. ರೆಕ್ಕೆ ನೆಟ್ಟಗೆ ನಿಲ್ಲಬೇಕು, ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗಲು ದಾರಿ ಇರಬೇಕು. ಅದೆಲ್ಲ ಸರಿಯಾಗಿದ್ದರೂ ಹೀಟ್‌ಸಿಂಕ್ ಮೇಲ್ಮೈ 80 ಡಿಗ್ರಿಯಲ್ಲಿರುತ್ತದೆ, ಬೆರಳು ಇಡಲಾಗದು. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಾದರೆ ಇನ್ನೂ ಕಷ್ಟ, ಸುಮಾರು 5 ವಾಟ್ ಒಳಗೇ ಸುತ್ತುತ್ತ ನಾವು 45 ಎಂದುಕೊಂಡ ಗಾಳಿಯನ್ನೇ ಮೇಲಕ್ಕೆ ತಳ್ಳುತ್ತದೆ. ಹೀಟ್‌ಸಿಂಕ್ ಶಾಖವನ್ನು ಕಡಿಮೆ ಮಾಡುವುದಿಲ್ಲ, ಜಾಗ ಬದಲಿಸುತ್ತದೆ, ಅಷ್ಟೇ.

ಹಾಗಾಗಿ ನಾನು ಶುರು ಮಾಡುವುದು ಹೀಟ್‌ಸಿಂಕ್‌ನಿಂದಲ್ಲ, ಕರೆಂಟಿನಿಂದ. ನಿಮ್ಮ 250 ಮಿಲಿಆಂಪಿಯರ್ ಎಲ್ಲಿಗೆ ಹೋಗುತ್ತಿದೆ? ಸಾಮಾನ್ಯ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಓಮ್, ಒಂದಕ್ಕೆ 70 ಮಿಲಿಆಂಪಿಯರ್. ಎರಡಕ್ಕೆ 140. ಬೋರ್ಡ್‌ಗೆ ಉಳಿಯುವುದು 110. ಅಂದರೆ ಅರ್ಧಕ್ಕಿಂತ ಹೆಚ್ಚು ಕರೆಂಟ್ ರಿಲೇಗಳದು, ಮತ್ತು ರಿಲೇಗೆ ನಯವಾದ, ನಿಖರವಾದ 5 ವೋಲ್ಟ್ ಬೇಕಾಗಿಯೇ ಇಲ್ಲ. ಕೈಯಲ್ಲಿ 24 ವೋಲ್ಟ್ ಇರುವಾಗ 24 ವೋಲ್ಟ್ ಕಾಯಿಲ್‌ನ ರಿಲೇಯನ್ನೇ ಹಾಕಿ. ಅದೇ ಗಾತ್ರದ ರಿಲೇಯ 24 ವೋಲ್ಟ್ ಕಾಯಿಲ್ ಸುಮಾರು 1600 ಓಮ್ ಇರುತ್ತದೆ, 15 ಮಿಲಿಆಂಪಿಯರ್ ಎಳೆಯುತ್ತದೆ, ಅದೂ ರೆಗ್ಯುಲೇಟರ್ ಮೂಲಕ ಅಲ್ಲ, ನೇರವಾಗಿ ಅಡಾಪ್ಟರ್‌ನಿಂದ. ಮೈಕ್ರೋಕಂಟ್ರೋಲರ್‌ನಿಂದ ಅದನ್ನು ಓಡಿಸಲು ಯುಎಲ್‌ಎನ್2003 ಸಾಕು, ಅದು 50 ವೋಲ್ಟ್ ತಡೆಯುತ್ತದೆ. ಅದರ 9ನೇ ಕಾಲನ್ನು 24 ವೋಲ್ಟ್‌ಗೆ ಸೇರಿಸಲು ಮರೆಯಬೇಡಿ, ಕಾಯಿಲ್ ಆಫ್ ಆದಾಗ ಏಳುವ ವೋಲ್ಟೇಜನ್ನು ನುಂಗುವ ಡಯೋಡುಗಳು ಆ ಕಾಲಿನಲ್ಲಿವೆ. ಅಲ್ಲಿ 5 ವೋಲ್ಟ್ ಕೊಟ್ಟರೆ ರಿಲೇ ಯಾವತ್ತೂ ಸರಿಯಾಗಿ ಆಫ್ ಆಗುವುದಿಲ್ಲ, ಏಕೆಂದರೆ 24ರಿಂದ 5ಕ್ಕೆ ಕಾಯಿಲ್ ಮೂಲಕವೇ ಡಯೋಡ್ ದಾರಿ ತೆರೆದಿರುತ್ತದೆ.

ಇಷ್ಟು ಬದಲಿಸಿದರೆ 7805ಕ್ಕೆ ಉಳಿಯುವುದು 110 ಮಿಲಿಆಂಪಿಯರ್. 19 ವೋಲ್ಟ್‌ಗೆ 2.09 ವಾಟ್, ಸ್ವಂತ ಖರ್ಚು ಸೇರಿ 2.2. ಅದೇ ಚಿಕ್ಕ ಯು ಹೀಟ್‌ಸಿಂಕ್ ಹಾಕಿದರೆ 57 ಡಿಗ್ರಿ ಏರಿಕೆ, ಚಿಪ್ 102 ಡಿಗ್ರಿಯಲ್ಲಿ ನಿಲ್ಲುತ್ತದೆ. ಬೇರೇನನ್ನೂ ಮುಟ್ಟದೆ ಕೆಲಸ ಆಯಿತು.

ರಿಲೇ ಬದಲಿಸಲಾಗದು, ಬೋರ್ಡ್ ಆಗಲೇ ತಯಾರಾಗಿದೆ ಅನ್ನುವುದಾದರೆ ಇನ್‌ಪುಟ್‌ನಲ್ಲಿ ಸೀರೀಸ್ ಆಗಿ ಒಂದು ರೆಸಿಸ್ಟರ್ ಹಾಕಿ ಶಾಖವನ್ನು ಹಂಚಿಕೊಳ್ಳಬಹುದು. ಹಳೆಯ ಉಪಾಯ, ಒಳ್ಳೆಯ ಉಪಾಯ. ಆದರೆ ಹೆಚ್ಚಿನವರು ಎಡವುವುದು ಇಲ್ಲೇ, ಮತ್ತು ಡ್ರಾಪ್‌ಔಟ್ ನಿಜವಾಗಿ ಕೆಲಸಕ್ಕೆ ಬರುವುದೂ ಇಲ್ಲೇ. ಅದಕ್ಕಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಸಾಮಾನ್ಯವಾಗಿ ಮಾಡುವ ಲೆಕ್ಕ ಹೀಗಿರುತ್ತದೆ: 7805ಕ್ಕೆ 10 ವೋಲ್ಟ್ ಸಾಕು, 14 ವೋಲ್ಟನ್ನು ರೆಸಿಸ್ಟರ್ ಮೇಲೆ ಬೀಳಿಸೋಣ, ಕರೆಂಟ್ 0.25, ಆದ್ದರಿಂದ 56 ಓಮ್. ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತದೆ. ಆದರೆ 250 ಎನ್ನುವುದು ನಿಮ್ಮ ಮೀಟರ್ ತೋರಿಸಿದ ಸರಾಸರಿ. ವೈ-ಫೈ ಸಿಗ್ನಲ್ ಕಳಿಸುವ ಗಳಿಗೆಯಲ್ಲಿ ಬೋರ್ಡ್ ಇನ್ನೂ 150 ಮಿಲಿಆಂಪಿಯರ್ ಹೆಚ್ಚು ಕೇಳುತ್ತದೆ ಎಂದುಕೊಳ್ಳಿ. ಒಟ್ಟು 400. ಆಗ 56 ಓಮ್ ಮೇಲೆ ಬೀಳಬೇಕಾದದ್ದು 22.4 ವೋಲ್ಟ್, 7805ರ ಇನ್‌ಪುಟ್‌ಗೆ ಉಳಿಯುವುದು 1.6. ಬೋರ್ಡ್ ಅಲ್ಲಿಗೇ ರೀಸೆಟ್. ಶಾಖದ ತೊಂದರೆ ಕಳೆದು ಡ್ರಾಪ್‌ಔಟ್ ತೊಂದರೆ ತಂದುಕೊಂಡ ಹಾಗಾಯಿತು, ಮತ್ತು ಈ ಸಲ ಐಸಿ ತಣ್ಣಗಿರುವುದರಿಂದ ಯಾರೂ ಅದನ್ನು ಅನುಮಾನಿಸುವುದಿಲ್ಲ. ತಪ್ಪೆಲ್ಲ ಸಾಫ್ಟ್‌ವೇರ್ ತಲೆಗೆ ಬರುತ್ತದೆ.

ರೆಸಿಸ್ಟರ್ ಆದ ಮೇಲೆ 7805ರ ಇನ್‌ಪುಟ್‌ನಲ್ಲಿ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೆ ಇಂಥ ಚಿಕ್ಕ ಹೊಡೆತಗಳನ್ನು ಅದು ತಡೆದುಕೊಳ್ಳುತ್ತದೆ. 5 ಮಿಲಿಸೆಕೆಂಡಿನ ಹೊಡೆತಕ್ಕೆ ಇನ್‌ಪುಟ್ ಮುಕ್ಕಾಲು ವೋಲ್ಟ್ ಕೂಡ ಇಳಿಯುವುದಿಲ್ಲ. ಆದರೆ ಹೊಡೆತ ಎಡೆಬಿಡದೆ ಮುಂದುವರಿದರೆ 25 ಮಿಲಿಸೆಕೆಂಡಿನಲ್ಲಿ 10 ವೋಲ್ಟ್ 7ಕ್ಕೆ ಇಳಿದಿರುತ್ತದೆ. ಅಂದರೆ ಕೆಪ್ಯಾಸಿಟರ್ ಇದ್ದರೂ ಅದನ್ನೇ ನಂಬಿ ಕೂರಬಾರದು. ಅದರ ವೋಲ್ಟೇಜ್ ರೇಟಿಂಗ್ 35 ಇರಲಿ. ಇನ್‌ಪುಟ್‌ಗೆ 10 ವೋಲ್ಟ್ ತಾನೇ ಎಂದು 16 ವೋಲ್ಟಿನದು ಹಾಕಿದರೆ, ಲೋಡ್ ಇಲ್ಲದ ಹೊತ್ತಿನಲ್ಲಿ ರೆಸಿಸ್ಟರ್ ಮೇಲೆ ಏನೂ ಬೀಳದೆ 24 ವೋಲ್ಟ್ ಹಾಗೇ ಅದರ ಮೇಲೆ ಕೂರುತ್ತದೆ.

ಸರಿಯಾದ ಕ್ರಮದಲ್ಲಿ ರೆಸಿಸ್ಟರನ್ನು ಗರಿಷ್ಠ ಕರೆಂಟ್ ಮತ್ತು ಅಡಾಪ್ಟರಿನ ಕನಿಷ್ಠ ವೋಲ್ಟೇಜ್ ಹಿಡಿದು ಆರಿಸಬೇಕು. ಅಡಾಪ್ಟರ್ ಲೋಡಿನಲ್ಲಿ 23ಕ್ಕೆ ಇಳಿಯಬಹುದು ಎನ್ನಿ.

```
R = (23 - 7.5) / 0.4 = 38.75 Ω
```

39 ಓಮ್ ಹಾಕಿ. ಲೆಕ್ಕಕ್ಕಿಂತ ಕೂದಲೆಳೆ ಹೆಚ್ಚಾಯಿತು, ಆದರೆ 7.5ರಲ್ಲಿ ಅರ್ಧ ವೋಲ್ಟ್ ನಾವೇ ಮುಡಿಪಿಟ್ಟಿದ್ದೇವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು.

ಇನ್ನು ಶಾಖ. ಇಲ್ಲಿ ಒಂದು ವಿಚಿತ್ರವಿದೆ. ರೆಸಿಸ್ಟರ್ ಇಲ್ಲದಾಗ ಕರೆಂಟ್ ಹೆಚ್ಚಿದಷ್ಟೂ 7805 ಕಾಯುತ್ತದೆ. ರೆಸಿಸ್ಟರ್ ಹಾಕಿದ ಮೇಲೆ ಹಾಗಲ್ಲ. ಕರೆಂಟ್ ಹೆಚ್ಚಿದಂತೆ ರೆಸಿಸ್ಟರ್ ಹೆಚ್ಚು ವೋಲ್ಟೇಜ್ ಕಸಿದುಕೊಳ್ಳುತ್ತದೆ, 7805ಕ್ಕೆ ಉಳಿಯುವ ಪಾಲು ಕಡಿಮೆಯಾಗುತ್ತದೆ. ಹೀಗಾಗಿ ಶಾಖ ಏರುತ್ತ ಹೋಗಿ ಮಧ್ಯದಲ್ಲೆಲ್ಲೋ ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. 39 ಓಮ್ ಇಟ್ಟು ನಿಮ್ಮ ಲೋಡನ್ನೇ ನೋಡೋಣ. ಎರಡೂ ರಿಲೇ ಆಫ್ ಇದ್ದು 110 ಮಿಲಿಆಂಪಿಯರ್ ಹರಿಯುವಾಗ ಇನ್‌ಪುಟ್ 19.7 ವೋಲ್ಟ್, 7805ರಲ್ಲಿ 1.6 ವಾಟ್. ಒಂದು ರಿಲೇ ಆನ್ ಆದಾಗ ಇನ್‌ಪುಟ್ 17, ಶಾಖ 2.2 ವಾಟ್. ಎರಡೂ ಆನ್ ಆದಾಗ ಇನ್‌ಪುಟ್ 14.2, ಶಾಖ 2.3. ವೈ-ಫೈ ಹೊಡೆತದಲ್ಲಿ 400 ಎಳೆಯುವಾಗ ಇನ್‌ಪುಟ್ 8.4, ಶಾಖ ಮತ್ತೆ 1.4ಕ್ಕೆ ಇಳಿಯಿತು. ತುದಿ ಎಲ್ಲಿ ಬರುತ್ತದೆ ಎಂದು ತಿಳಿಯಲು ಹೆಚ್ಚುವರಿ ವೋಲ್ಟೇಜಿನ ಅರ್ಧ ರೆಸಿಸ್ಟರ್ ಮೇಲೆ ಬೀಳುವ ಕರೆಂಟ್ ಹುಡುಕಿದರೆ ಆಯಿತು.

```
I = 19 / (2 × 39) = 0.244 A
P = 9.5 × 0.244 = 2.3 W
```

ನಿಮ್ಮ ಅದೃಷ್ಟವೋ ದುರದೃಷ್ಟವೋ, ಎರಡೂ ರಿಲೇ ಆನ್ ಇರುವ ಸ್ಥಿತಿ ಸರಿಯಾಗಿ ಆ ತುದಿಯಲ್ಲೇ ಕೂತಿದೆ. ಇಂಥ ಸರ್ಕಿಟ್ಟನ್ನು ಪೂರ್ತಿ ಲೋಡಿನಲ್ಲಿ ಮಾತ್ರ ಪರೀಕ್ಷಿಸಿ 'ತಣ್ಣಗಿದೆ' ಎಂದು ಮುಚ್ಚಿದವರಿಗೆ ಅರ್ಧ ಲೋಡಿನಲ್ಲಿ ಅದು ಕೈಕೊಡಬಹುದು. ಸ್ವಂತ ಖರ್ಚು ಸೇರಿಸಿ 2.4 ವಾಟ್ ಎಂದರೆ ಚಿಕ್ಕ ಯು ಹೀಟ್‌ಸಿಂಕಿನೊಂದಿಗೆ ಚಿಪ್ 107 ಡಿಗ್ರಿ. ನಡೆಯುತ್ತದೆ, ಆದರೆ ಉಳಿಕೆ ಹೆಚ್ಚಿಲ್ಲ. ಸ್ವಲ್ಪ ದೊಡ್ಡ ಹೀಟ್‌ಸಿಂಕ್ ಸಿಕ್ಕರೆ ಹಾಕಿ.

ರೆಸಿಸ್ಟರ್ ಮೇಲೆ 250 ಮಿಲಿಆಂಪಿಯರ್‌ನಲ್ಲಿ 2.4 ವಾಟ್, 400 ನಿರಂತರ ಹರಿದರೆ 6.2 ವಾಟ್. 10 ವಾಟಿನ ವೈರ್‌ವೌಂಡ್ ರೆಸಿಸ್ಟರ್ ಬೇಕು. ಬೋರ್ಡಿಗೆ ಅಂಟದಂತೆ ಎತ್ತರಿಸಿ, ಕೆಪ್ಯಾಸಿಟರಿನಿಂದ ದೂರ ಕೂರಿಸಿ. 7805 ಬಿಸಿಯಲ್ಲಿ ಆಫ್ ಆಗಬಲ್ಲದು, ರೆಸಿಸ್ಟರ್‌ಗೆ ಆ ಬುದ್ಧಿ ಇಲ್ಲ. ಆದರೆ ಅದಕ್ಕೆ 125 ಡಿಗ್ರಿಯ ಕಟ್ಟುಪಾಡೂ ಇಲ್ಲ, ಅದಕ್ಕೇ ಶಾಖವನ್ನು ಅದರ ಕಡೆ ತಳ್ಳುವುದು. ಡಬ್ಬಿಯೊಳಗೆ ಹುಟ್ಟುವ ಒಟ್ಟು ಶಾಖ ಮಾತ್ರ ಮೊದಲಿನಷ್ಟೇ, ಆದ್ದರಿಂದ ಡಬ್ಬಿಗೆ ಕೆಳಗೂ ಮೇಲೂ ತೂತು ಬೇಕು. 7812 ಹಾಕಿ ಅದರ ಹಿಂದೆ 7805 ಹಾಕುವವರೂ ಮಾಡುವುದು ಇದನ್ನೇ: 3 ವಾಟ್ ಅಲ್ಲಿ, 1.75 ವಾಟ್ ಇಲ್ಲಿ. ಎರಡಕ್ಕೂ ಹೀಟ್‌ಸಿಂಕ್ ಬೇಕಾಗುತ್ತದೆ, ಹಾಗಾಗಿ ನನಗೆ ಅದು ಅಷ್ಟು ಹಿಡಿಸುವುದಿಲ್ಲ.

ಹೊಸದಾಗಿ ಮಾಡುವುದಾದರೆ ನಿಮ್ಮ ಜಾಗದಲ್ಲಿ ನಾನು ಲೀನಿಯರ್ ರೆಗ್ಯುಲೇಟರನ್ನೇ ಬಳಸುವುದಿಲ್ಲ. ಲೋಡ್‌ಗೆ 1.25 ವಾಟ್ ಕೊಡಲು ಅಡಾಪ್ಟರ್‌ನಿಂದ 6 ವಾಟ್ ಎಳೆದು ಐದರಲ್ಲಿ ನಾಲ್ಕು ಪಾಲನ್ನು ಗಾಳಿಗೆ ಬಿಡುವುದು ಯಾವ ಲೆಕ್ಕ? ಎಲ್‌ಎಂ2596 ಇರುವ, ಸ್ವಿಚಿಂಗ್ ಮೂಲಕ ವೋಲ್ಟೇಜ್ ಇಳಿಸುವ ಬಕ್ ಮಾಡ್ಯೂಲ್ 24ರಿಂದ 5 ವೋಲ್ಟ್ ಮಾಡುವಾಗ ಸುಮಾರು 80 ಪ್ರತಿಶತ ದಕ್ಷತೆ ಕೊಡುತ್ತದೆ, 0.3 ವಾಟ್ ಮಾತ್ರ ಶಾಖವಾಗುತ್ತದೆ, ಹೀಟ್‌ಸಿಂಕ್ ಬೇಡ. ಬೋರ್ಡ್ ಆಗಲೇ ತಯಾರಾಗಿದ್ದರೆ 7805ರ ಜಾಗದಲ್ಲೇ, ಅದೇ ಮೂರು ಕಾಲಿನ ಕ್ರಮದಲ್ಲಿ ಕೂರುವ ಸ್ವಿಚಿಂಗ್ ಮಾಡ್ಯೂಲ್‌ಗಳೂ ಇವೆ. ಹೊಂದಿಸಬಲ್ಲ ಮಾಡ್ಯೂಲ್ ತಂದರೆ ಬೋರ್ಡನ್ನು ಜೋಡಿಸುವ ಮುಂಚೆ ಮೀಟರ್ ಹಿಡಿದು 5 ವೋಲ್ಟ್‌ಗೆ ತಿರುಗಿಸಿಕೊಳ್ಳಿ. ಬಂದ ಹಾಗೇ ಜೋಡಿಸಿ ಬೋರ್ಡ್ ಸುಟ್ಟುಕೊಂಡವರು ಬೇಕಾದಷ್ಟು ಮಂದಿ.

ಸ್ವಿಚಿಂಗ್ ಗದ್ದಲ ತಡೆಯಲಾಗದ ಸೆನ್ಸರ್ ಏನಾದರೂ ಇದ್ದರೆ ಬಕ್ ಮಾಡ್ಯೂಲನ್ನು 7.5 ವೋಲ್ಟ್‌ಗೆ ಇಟ್ಟು ಅದರ ಹಿಂದೆ 7805 ಇರಲಿ. ಅಲ್ಲಿ ಅಂತರ 2.5 ವೋಲ್ಟ್, ಶಾಖ 0.66 ವಾಟ್, ಹೀಟ್‌ಸಿಂಕ್ ಇಲ್ಲದೆಯೇ 43 ಡಿಗ್ರಿ ಏರಿಕೆ. ಡ್ರಾಪ್‌ಔಟ್ ಕಡಿಮೆ ಇರುವ ಐಸಿಗೆ ಹಣ ಕೊಡುವುದಾದರೆ ಅದು ಇಲ್ಲಿ ಸಾರ್ಥಕ. ಎಲ್‌ಎಂ2940ಕ್ಕೆ 1 ಆಂಪಿಯರ್‌ನಲ್ಲೂ ಅರ್ಧ ವೋಲ್ಟ್ ಸಾಕಾಗುವುದರಿಂದ ಬಕ್ ಔಟ್‌ಪುಟ್ಟನ್ನು 6 ವೋಲ್ಟ್‌ವರೆಗೆ ಇಳಿಸಬಹುದು. ಅದಕ್ಕೆ ಔಟ್‌ಪುಟ್‌ನಲ್ಲಿ ಕನಿಷ್ಠ 22 ಮೈಕ್ರೋಫ್ಯಾರಡ್ ಬೇಕು, 7805ರ ಹಾಗೆ 0.1 ಸಾಲುವುದಿಲ್ಲ, ಇಲ್ಲದಿದ್ದರೆ ಆಸಿಲೇಟ್ ಆಗುತ್ತದೆ.

ಹೀಟ್‌ಸಿಂಕ್ ಬಿಗಿಯುವಾಗ ಒಂದು ಎಚ್ಚರ. 7805ರ ಲೋಹದ ಬೆನ್ನು ಗ್ರೌಂಡ್, ಹಾಗಾಗಿ ಗ್ರೌಂಡ್ ಆಗಿರುವ ಲೋಹದ ಡಬ್ಬಿಗೆ ನೇರವಾಗಿ ಬಿಗಿಯಬಹುದು. ಆದರೆ ಎಲ್‌ಎಂ317ರ ಬೆನ್ನು ಔಟ್‌ಪುಟ್, ಮೈನಸ್ ಕಡೆಯ 7905ರದು ಇನ್‌ಪುಟ್. ಅಭ್ಯಾಸಬಲದಿಂದ ಅವನ್ನೂ ಹಾಗೇ ಬಿಗಿದರೆ ಶಾರ್ಟ್ ಆಗುತ್ತದೆ, ಅವಕ್ಕೆ ಮೈಕಾ ಹಾಳೆ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಬೇಕು. ಪೇಸ್ಟ್ ತೆಳುವಾಗಿ ಹಚ್ಚಿ. ಅದು ಸಣ್ಣ ಸಂದುಗಳನ್ನು ತುಂಬಲಿಕ್ಕೆ ಇರುವುದು, ದಪ್ಪ ಹಚ್ಚಿದರೆ ಅದೇ ಅಡ್ಡವಾಗುತ್ತದೆ.

ಯಾವ ದಾರಿ ಹಿಡಿದರೂ ಡಬ್ಬಿ ಮುಚ್ಚಿ, ಎರಡೂ ರಿಲೇ ಆನ್ ಇಟ್ಟು ಒಂದು ಗಂಟೆ ಓಡಿಸಿ, ಆಮೇಲೆ ಅಳೆಯಿರಿ. ತರ್ಮೋಕಪಲ್‌ನ ತುದಿಯನ್ನು ಲೋಹದ ಬೆನ್ನಿನ ಮೇಲೆ, ಕಪ್ಪು ಪ್ಲಾಸ್ಟಿಕ್‌ಗೆ ಆದಷ್ಟು ಹತ್ತಿರ, ಸ್ವಲ್ಪ ಪೇಸ್ಟ್ ಹಚ್ಚಿ ಒತ್ತಿ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ತರ್ಮಾಮೀಟರ್ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಬಂದ ಅಂಕಿಗೆ, ಐಸಿಯಲ್ಲಿ ಹುಟ್ಟುವ ಪ್ರತಿ ವಾಟ್‌ಗೆ 5 ಡಿಗ್ರಿಯಂತೆ ಕೂಡಿಸಿದರೆ ಚಿಪ್ಪಿನ ಉಷ್ಣತೆ ಸಿಗುತ್ತದೆ. 39 ಓಮ್ ಹಾಕಿದ ಸರ್ಕಿಟ್‌ನಲ್ಲಿ ಬೆನ್ನು 95 ಡಿಗ್ರಿ ತೋರಿಸಿತು ಎನ್ನಿ, 2.4 ವಾಟ್‌ಗೆ 12 ಡಿಗ್ರಿ ಸೇರಿ ಚಿಪ್ 107. ಬೆನ್ನೇ 113 ದಾಟಿದ್ದರೆ ಚಿಪ್ 125 ದಾಟಿದೆ, ಡಬ್ಬಿಯೊಳಗಿನ ಗಾಳಿ ನೀವು ಎಣಿಸಿದ 45ಕ್ಕಿಂತ ಬಿಸಿಯಾಗಿದೆಯೇ ಎಂದು ಮೊದಲು ನೋಡಿ.